ಪರಿಚಯ ಬರಹದಲ್ಲಿ ನನ್ನ ಎಡಗೈಯ ಮಾತು ಎಲ್ಲಿ ಬರಬೇಕು, ಎಷ್ಟು ಬರಬೇಕು?

ಮುಂಜಾವು

ಸಂಗಾತಿಯನ್ನು ಹುಡುಕುವ ತಾಣವೊಂದರಲ್ಲಿ ನನ್ನ ಪರಿಚಯವನ್ನು ಮೂರನೆಯ ಬಾರಿ ಬರೆಯಲು ಕುಳಿತಿದ್ದೇನೆ. ನನ್ನ ವಯಸ್ಸು 31. ಹುಟ್ಟುವಾಗಲೇ ನನ್ನ ಎಡಗೈ ಮೊಣಕೈಯಿಂದ ಸ್ವಲ್ಪ ಕೆಳಗೆ ಮುಗಿದಿತ್ತು, ಕೃತಕ ಕೈಯನ್ನು ನಾನು ಬಳಸುವುದಿಲ್ಲ. ಎದುರಿಗೆ ಬಂದವರಿಗೆ ತಕ್ಷಣ ಕಾಣುವ ಸಂಗತಿಯಿದು.

ಮೊದಲ ಕರಡು ಹೀಗಿತ್ತು: "ನಾನು ಹುಟ್ಟಿನಿಂದಲೇ ಎಡಗೈಯಿಲ್ಲದವಳು. ಆದರೂ ನನ್ನ ಎಲ್ಲ ಕೆಲಸಗಳನ್ನೂ ನಾನೇ ಮಾಡಿಕೊಳ್ಳುತ್ತೇನೆ. ಯಾರಿಗೂ ಹೊರೆಯಾಗಿಲ್ಲ. ಅಡುಗೆ, ವಾಹನ ಚಾಲನೆ, ಈಜು ಎಲ್ಲವೂ ಬರುತ್ತದೆ. ಅನುಕಂಪ ತೋರಿಸುವವರು ದಯವಿಟ್ಟು ಸಂಪರ್ಕಿಸಬೇಡಿ. ನಕ್ಷೆ ತಯಾರಿಸುವ ಕೆಲಸ ಮಾಡುತ್ತೇನೆ. ಹಕ್ಕಿಗಳ ಕೂಗನ್ನು ಧ್ವನಿಮುದ್ರಿಸುವ ಹವ್ಯಾಸವಿದೆ."

ಮೂರು ವಾರಗಳಲ್ಲಿ 14 ಸಂದೇಶಗಳು ಬಂದವು. ಅವುಗಳಲ್ಲಿ 11 ಸಂದೇಶಗಳು ಕೈಯ ಬಗ್ಗೆಯೇ ಇದ್ದವು: ಹೇಗಾಯಿತು, ನೋವಿದೆಯೇ, ನೀವು ನಮಗೆಲ್ಲ ಸ್ಫೂರ್ತಿ. ಹಕ್ಕಿಗಳ ಬಗ್ಗೆ ಒಬ್ಬರೂ ಕೇಳಲಿಲ್ಲ. ಬೇಸತ್ತು ಎರಡನೆಯ ಕರಡಿನಲ್ಲಿ ಆ ಮಾತನ್ನು ಪೂರ್ತಿಯಾಗಿ ತೆಗೆದುಹಾಕಿದೆ. ಚಿತ್ರಗಳಲ್ಲಿ ಕಾಣುತ್ತದಲ್ಲ ಎಂದು ನಂಬಿದ್ದೆ. ಎರಡು ವಾರ ಚೆನ್ನಾಗಿ ಮಾತನಾಡಿದ ಒಬ್ಬರನ್ನು ಭೇಟಿಯಾದಾಗ ಅವರು ಕುಳಿತ ಹತ್ತು ನಿಮಿಷದೊಳಗೆ, "ಇದನ್ನು ಮೊದಲೇ ಹೇಳಬೇಕಿತ್ತು" ಎಂದರು. ಮನೆಗೆ ಬಂದು ನೋಡಿದರೆ, ನಾನು ಹಾಕಿದ್ದ ನಾಲ್ಕು ಚಿತ್ರಗಳಲ್ಲಿ ಮೂರನ್ನು ತಾಣವೇ ಮುಖದ ಸುತ್ತ ಕತ್ತರಿಸಿ ಚೌಕ ಮಾಡಿತ್ತು, ಉಳಿದ ಒಂದರಲ್ಲಿ ನಾನು ಶಾಲು ಹೊದ್ದಿದ್ದೆ. ನಾನು ಮುಚ್ಚಿಡಲಿಲ್ಲ, ಆದರೆ ಅವರಿಗೆ ಕಾಣಲೂ ಇಲ್ಲ.

ಈ ತಾಣದಲ್ಲಿ ಹೆಸರುಗಳ ಪಟ್ಟಿಯಲ್ಲಿ ಪರಿಚಯದ ಮೊದಲ 100 ಅಕ್ಷರಗಳು ಮಾತ್ರ ಕಾಣುತ್ತವೆ, ಉಳಿದದ್ದನ್ನು ತೆರೆದು ಓದಬೇಕು. ವಿಷಯವನ್ನು ಸರಳವಾಗಿ ಹೇಳಬೇಕು, ಆದರೆ ಇಡೀ ಪರಿಚಯ ಅದೇ ಆಗಬಾರದು. ಇದನ್ನು ವಾಕ್ಯಗಳ ಮಟ್ಟದಲ್ಲಿ ಹೇಗೆ ಸಾಧಿಸುವುದು ಎಂದು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ನೇರಮಾತು

ನನ್ನ ಅಭಿಪ್ರಾಯದಲ್ಲಿ ಇದರಲ್ಲಿ ಯೋಚಿಸುವುದಕ್ಕೆ ಹೆಚ್ಚೇನೂ ಇಲ್ಲ. ಮೊದಲ ವಾಕ್ಯದಲ್ಲಿಯೇ ಹೇಳಿಬಿಡಬೇಕು. ಓದುವವರು ಐದು ವಾಕ್ಯಗಳನ್ನು ಮೆಚ್ಚಿಕೊಂಡ ಮೇಲೆ ಆರನೆಯದರಲ್ಲಿ ಇದು ಬಂದರೆ, ಮೋಸ ಹೋದೆನೆಂಬ ಭಾವನೆ ಅವರಲ್ಲಿ ಉಂಟಾಗುತ್ತದೆ. ಒಪ್ಪದವರು ಆರಂಭದಲ್ಲಿಯೇ ಹೊರಟುಹೋಗುತ್ತಾರೆ, ಇಬ್ಬರ ಸಮಯವೂ ಉಳಿಯುತ್ತದೆ.

ಸಾವಧಾನ

ನಾನು ಇಪ್ಪತ್ತು ವರ್ಷಗಳಿಂದ ಗಾಲಿಕುರ್ಚಿ ಬಳಸುತ್ತಿದ್ದೇನೆ. ನನ್ನ ಪರಿಚಯವನ್ನೂ, ಅನಂತರ ಹತ್ತಾರು ಮಂದಿ ಸ್ನೇಹಿತರ ಪರಿಚಯಗಳನ್ನೂ ಕುಳಿತು ತಿದ್ದಿದ್ದೇನೆ. ಆ ಅನುಭವದಿಂದ ಬರೆಯುತ್ತೇನೆ.

ನೇರಮಾತು ಅವರು ಹೇಳಿದ್ದರಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. ಭೇಟಿಗೆ ಮುಂಚೆ, ಸಾಧ್ಯವಾದರೆ ಮೊದಲ ಸಂದೇಶಕ್ಕೂ ಮುಂಚೆ, ಓದುವವರಿಗೆ ವಿಷಯ ಗೊತ್ತಿರಬೇಕು. ಆದರೆ ಆರನೆಯ ವಾಕ್ಯ ಮೊದಲ ವಾಕ್ಯದಷ್ಟೇ ಬಹಿರಂಗ. ಒಂದು ನಿಮಿಷದಲ್ಲಿ ಓದಿ ಮುಗಿಯುವ ಬರಹದಲ್ಲಿ ಮೋಸಕ್ಕೆ ಜಾಗವಿಲ್ಲ. ಮೊದಲ ವಾಕ್ಯಕ್ಕೆ ಇರುವ ವಿಶೇಷವೇ ಬೇರೆ: ಅದು ಉಳಿದ ವಾಕ್ಯಗಳನ್ನು ಹೇಗೆ ಓದಬೇಕು ಎಂಬುದನ್ನು ನಿರ್ಧರಿಸುತ್ತದೆ. ಕೈಯಿಂದ ಆರಂಭವಾದ ಪರಿಚಯದಲ್ಲಿ ನಕ್ಷೆಯ ಕೆಲಸ "ಒಂದು ಕೈಯಲ್ಲಿ ಮಾಡುವ ಕೆಲಸ"ವಾಗುತ್ತದೆ, ಈಜು "ಒಂದು ಕೈಯಲ್ಲಿ ಈಜುವುದು" ಆಗುತ್ತದೆ. ಹಕ್ಕಿಗಳ ಬಗ್ಗೆ ಯಾರೂ ಕೇಳದೆ ಹೋದದ್ದಕ್ಕೆ ಇದೇ ಕಾರಣ ಎಂದು ನನಗೆ ಅನಿಸುತ್ತದೆ.

ಮುಂಜಾವು ಅವರೇ, ನಿಮ್ಮ ಮೊದಲ ಕರಡಿನ ಏಳು ವಾಕ್ಯಗಳಲ್ಲಿ ಐದು ಕೈಯ ಸುತ್ತಲೇ ತಿರುಗುತ್ತವೆ. ಆದರೆ ಎಣಿಕೆಗಿಂತ ಹೆಚ್ಚು ಹಾನಿ ಮಾಡಿದ್ದು ಎರಡು ಸಂಗತಿಗಳು. ಮೊದಲನೆಯದು "ಆದರೂ" ಎಂಬ ಪದ. ಎಡಗೈ ಇಲ್ಲದವರು ಸಾಮಾನ್ಯವಾಗಿ ತಮ್ಮ ಕೆಲಸ ಮಾಡಿಕೊಳ್ಳಲಾರರು ಎಂಬ ಊಹೆ ಓದುವವರಲ್ಲಿ ಇಲ್ಲದಿದ್ದರೂ, ಆ ಪದ ಅದನ್ನು ಅವರ ಮುಂದೆ ಇಟ್ಟು ಆಮೇಲೆ ಅಲ್ಲಗಳೆಯುತ್ತದೆ. "ಹೊರೆಯಾಗಿಲ್ಲ" ಎಂಬುದೂ ಹಾಗೆಯೇ. ಅಲ್ಲಿ ಹೊರೆಯ ಮಾತನ್ನು ಎತ್ತಿದವರು ನೀವೇ. ಎರಡನೆಯದು ಸಾಕ್ಷಿ ಒದಗಿಸುವ ಧಾಟಿ. ಅಡುಗೆ, ವಾಹನ, ಈಜು ಇವುಗಳನ್ನು ನೀವು ಇಷ್ಟಗಳಾಗಿ ಹೇಳಿಲ್ಲ, ಪುರಾವೆಗಳಾಗಿ ಹೇಳಿದ್ದೀರಿ. "ಈಜು ಬರುತ್ತದೆ" ಎಂಬುದು ಪುರಾವೆ. ಈಜಿನಲ್ಲಿ ನಿಮಗೆ ಏನು ಹಿಡಿಸುತ್ತದೆ ಎಂದು ಹೇಳಿದರೆ ಅದು ಪರಿಚಯ.

ಅನುಕಂಪದವರು ಬರಬೇಡಿ ಎಂಬ ಸಾಲನ್ನೂ ಬಿಟ್ಟುಬಿಡಿ. ಅನುಕಂಪದಿಂದ ಬರೆಯುವವರು ತಮ್ಮದು ಅನುಕಂಪವೆಂದು ತಿಳಿದಿರುವುದಿಲ್ಲ, ಮೆಚ್ಚುಗೆಯೆಂದೇ ತಿಳಿದಿರುತ್ತಾರೆ. ಅವರು ಆ ಸಾಲನ್ನು ಓದಿಯೂ ಬರುತ್ತಾರೆ. ಹಿಂಜರಿಯುವವರು ಎಚ್ಚರದಿಂದ ಮಾತನಾಡುವ ಸೂಕ್ಷ್ಮ ಮನಸ್ಸಿನವರು. ನಿಮಗೆ ಬೇಕಾದವರನ್ನೇ ಅದು ದೂರವಿಡುತ್ತದೆ.

ನಾನು ಅನುಸರಿಸುವ ಕ್ರಮ ಇಷ್ಟೇ. ಮೊದಲು ನಿಮ್ಮದೇ ಆದ ಎರಡು ವಿವರಗಳು, ಅನಂತರ ಈ ಸಂಗತಿಗೆ ಒಂದು ಪೂರ್ಣ ವಾಕ್ಯ, ಅದರ ಕೊನೆಗೆ ಪೂರ್ಣವಿರಾಮ, ಮತ್ತೆ ಬೇರೆ ಮಾತು. ಆ ವಾಕ್ಯದಲ್ಲಿ ದೇಹದ ಸ್ಥಿತಿಯಿರಲಿ, ಕಾರಣದ ಕಥೆ ಬೇಡ. ವಾಕ್ಯ ಎಷ್ಟು ಉದ್ದವಿರಬೇಕೆಂದು ತಿಳಿಯಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಮೊದಲ ಭೇಟಿಯ ಏರ್ಪಾಡಿನಲ್ಲಿ ಇದರಿಂದ ಏನಾದರೂ ಬದಲಾಗುತ್ತದೆಯೇ? ನನ್ನ ವಿಷಯದಲ್ಲಿ ಬದಲಾಗುತ್ತದೆ, ಮೆಟ್ಟಿಲುಗಳಿರುವ ಜಾಗಕ್ಕೆ ನಾನು ಬರಲಾರೆ. ಆದ್ದರಿಂದ "ಗಾಲಿಕುರ್ಚಿ ಬಳಸುತ್ತೇನೆ, ಮೆಟ್ಟಿಲಿಲ್ಲದ ಜಾಗದಲ್ಲಿ ಭೇಟಿಯಾಗೋಣ" ಎಂದು ಬರೆದಿದ್ದೇನೆ. ನಿಮ್ಮ ವಿಷಯದಲ್ಲಿ ಏನೂ ಬದಲಾಗುವುದಿಲ್ಲವಾದ್ದರಿಂದ ಇರುವ ಸಂಗತಿಯನ್ನು ಹೇಳಿದರೆ ಸಾಕು.

ಮೂರನೆಯ ಸಾಲು

ನನಗೆ ಎರಡೂ ಕಿವಿಗಳು ಮಂದ. ಶ್ರವಣ ಸಾಧನ ಹಾಕಿಕೊಳ್ಳುತ್ತೇನೆ, ಅದು ಕೂದಲಿನ ಹಿಂದೆ ಮರೆಯಾಗಿರುತ್ತದೆ. ನಾನು ಪರಿಚಯದಲ್ಲಿ ಇದನ್ನು ಬರೆದೇ ಇಲ್ಲ. ಮೂರು ನಾಲ್ಕು ಬಾರಿ ಸಂದೇಶಗಳು ಹೋಗಿಬಂದ ಮೇಲೆ, ದೂರವಾಣಿಯಲ್ಲಿ ಮಾತನಾಡೋಣವೇ ಎಂದು ಅವರು ಕೇಳಿದಾಗ ಹೇಳುತ್ತೇನೆ. ಇದುವರೆಗೆ ಯಾರೂ ಕೋಪಿಸಿಕೊಂಡಿಲ್ಲ. ಮುಂಜಾವು ಅವರೂ ಹಾಗೆಯೇ ಮಾಡಬಹುದಲ್ಲವೇ? ಯಾರಿಗೆ ಯಾವಾಗ ಹೇಳಬೇಕೆಂಬುದು ನಮ್ಮ ಹಕ್ಕು.

ಮುಂಜಾವು

ಹಕ್ಕು ಎಂಬುದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಸ್ಥಿತಿಯಲ್ಲಿ ಹೇಳುವ ಕ್ಷಣವನ್ನು ನೀವೇ ಆರಿಸಿಕೊಳ್ಳುತ್ತೀರಿ. ನಾನು ಹೇಳದೆ ಉಳಿದರೆ ಆ ಕ್ಷಣವನ್ನು ಬಾಗಿಲು ಆರಿಸುತ್ತದೆ. ಒಳಗೆ ಬರುತ್ತಿದ್ದಂತೆಯೇ ಎದುರಿನವರು ನೋಡುತ್ತಾರೆ, ಅವರ ಮುಖ ಬದಲಾಗುವುದನ್ನು ನಾನು ನೋಡುತ್ತೇನೆ, ಆಮೇಲೆ ಇಬ್ಬರೂ ಅದನ್ನು ಗಮನಿಸಿಲ್ಲವೆಂಬಂತೆ ಕುಳಿತುಕೊಳ್ಳಬೇಕಾಗುತ್ತದೆ. ಅದನ್ನು ತಪ್ಪಿಸಲೆಂದೇ ಬರೆಯಲು ಬಯಸುತ್ತೇನೆ. ಅವರ ಅನುಕೂಲಕ್ಕಿಂತ ನನ್ನ ಅನುಕೂಲ ಇದರಲ್ಲಿ ಹೆಚ್ಚು.

ಬೆಳಕಿಂಡಿ

ಬರಹದ ಬಗ್ಗೆ ನನಗಿಂತ ಚೆನ್ನಾಗಿ ತಿಳಿದವರು ಇಲ್ಲಿದ್ದಾರೆ. ನಾನು ಛಾಯಾಚಿತ್ರದ ಕೆಲಸ ಮಾಡುವವನು, ಚಿತ್ರ ಮತ್ತು ಬರಹ ಒಂದಕ್ಕೊಂದು ಹೊಂದುವ ಬಗ್ಗೆ ಮಾತ್ರ ಹೇಳುತ್ತೇನೆ.

ತಾಣ ಚಿತ್ರವನ್ನು ಚೌಕಕ್ಕೆ ಕತ್ತರಿಸುವಾಗ ಮುಖವನ್ನು ಉಳಿಸಿಕೊಂಡು ಬದಿಗಳನ್ನು ಬಿಟ್ಟುಬಿಡುತ್ತದೆ. ಸೊಂಟದವರೆಗಿನ ಚಿತ್ರವನ್ನು ಮೊದಲೇ ಚೌಕವಾಗಿ ಕತ್ತರಿಸಿ, ಎರಡೂ ತೋಳುಗಳು ಒಳಗಿರುವಂತೆ ನೋಡಿಕೊಂಡು ಏರಿಸಿ. ಆಗ ಕತ್ತರಿಸಲು ಅದಕ್ಕೆ ಏನೂ ಉಳಿಯುವುದಿಲ್ಲ. ಏರಿಸಿದ ಮೇಲೆ ನಿಮ್ಮ ಪುಟವನ್ನು ಬೇರೊಬ್ಬರ ಫೋನಿನಲ್ಲಿ ತೆರೆದು ನೋಡುವುದನ್ನು ಮರೆಯಬೇಡಿ. ಹಿನ್ನೆಲೆಯನ್ನು ಮಸುಕಾಗಿಸುವ ಆಯ್ಕೆಯನ್ನೂ ಬಳಸಬೇಡಿ, ಏಕೆಂದರೆ ಮೊಣಕೈಯ ಬಳಿ ಮುಗಿಯುವ ತೋಳಿನ ಅಂಚನ್ನು ಅದು ಹಿನ್ನೆಲೆಯೆಂದು ತಿಳಿದು ಅಳಿಸಿದ ಚಿತ್ರಗಳನ್ನು ನಾನು ನೋಡಿದ್ದೇನೆ.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಫೋನಿನ ಮುಂದಿನ ಕ್ಯಾಮೆರಾದಿಂದ ತೆಗೆದುಕೊಂಡ ಸೆಲ್ಫಿಯನ್ನು ಕೆಲವು ಫೋನುಗಳು ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿಯೇ ಉಳಿಸುತ್ತವೆ. ನಿಮ್ಮ ಬರಹದಲ್ಲಿ ಎಡಗೈ ಎಂದಿದ್ದು, ಒಂದು ಚಿತ್ರದಲ್ಲಿ ಬಲಗೈ ಇಲ್ಲದಂತೆ ಕಂಡರೆ, ಚಿತ್ರಗಳನ್ನು ಕದ್ದು ಹಾಕಿದ್ದಾರೆಂಬ ಅನುಮಾನ ಓದುವವರಿಗೆ ಬರಬಹುದು. ಚಿತ್ರದಲ್ಲಿ ಬರಹವಿರುವ ಏನಾದರೂ ಇದ್ದರೆ ಅದರ ಅಕ್ಷರಗಳು ತಿರುಗಿವೆಯೇ ಎಂದು ನೋಡಿ, ಅದರಿಂದ ಸುಲಭವಾಗಿ ಗೊತ್ತಾಗುತ್ತದೆ.

ಆ 100 ಅಕ್ಷರಗಳ ಬಗ್ಗೆಯೂ ಒಂದು ಮಾತು. ಬಹುತೇಕ ತಾಣಗಳು ನಾವು ಎಣಿಸುವ ಹಾಗೆ ಎಣಿಸುವುದಿಲ್ಲ, ಒತ್ತು, ಗುಣಿತ ಎಲ್ಲವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತವೆ. "ನಕ್ಷೆ" ನಮಗೆ ಎರಡು ಅಕ್ಷರ, ಯಂತ್ರಕ್ಕೆ 5. ನಿಮ್ಮ ಮೊದಲ ಕರಡಿನ ಮೊದಲ ಎರಡು ವಾಕ್ಯಗಳೇ 81 ಆಗುತ್ತವೆ. ಅಂದರೆ ಪಟ್ಟಿಯನ್ನು ನೋಡಿದವರಿಗೆ ಕಂಡದ್ದು ಕೈಯ ಮಾತು ಮತ್ತು ಅದರ ಸಮರ್ಥನೆ ಮಾತ್ರ. ನಕ್ಷೆಯಾಗಲಿ ಹಕ್ಕಿಯಾಗಲಿ ಅಲ್ಲಿಗೆ ತಲುಪಲೇ ಇಲ್ಲ.

ತುಂಬೆ

ನನ್ನ ತಮ್ಮನಿಗೆ ನಡಿಗೆಯಲ್ಲಿಯೂ ಮಾತಿನಲ್ಲಿಯೂ ವ್ಯತ್ಯಾಸವಿದೆ, ಅವನ ಪರಿಚಯವನ್ನು ನಾನು ಬರೆದುಕೊಟ್ಟಿದ್ದೆ. ನಾನು "ವಿಕಲಚೇತನ" ಎಂಬ ಪದವನ್ನು ಬಳಸಿದೆ, ಅದು ಗೌರವಯುತವೂ ಹೌದು, ಎಲ್ಲರಿಗೂ ತಿಳಿದದ್ದೂ ಹೌದು. ಮುಂಜಾವು ಅವರ ಬರಹದಲ್ಲಿಯೂ ಅಂಥ ಒಂದು ಪದವಿದ್ದರೆ ಅವಯವಗಳ ವಿವರಕ್ಕೆ ಇಳಿಯುವ ಮುಜುಗರ ತಪ್ಪುತ್ತದೆ ಎಂದು ನನ್ನ ಭಾವನೆ. "ವಿಶೇಷಚೇತನ" ಎಂಬುದು ಇನ್ನೂ ಮೃದುವಾಗಿ ಕೇಳಿಸುತ್ತದೆ.

ಒರತೆ

ತುಂಬೆ ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪಲಾರೆ. ನನ್ನ ಬಲಗಾಲು ಮಂಡಿಯ ಕೆಳಗೆ ಕೃತಕವಾದದ್ದು. ನನಗೆ ಏನಾದರೂ ವೈಕಲ್ಯವಿದ್ದರೆ ಅದು ಕಾಲಿನಲ್ಲಿದೆ, ಚೇತನದಲ್ಲಿ ಅಲ್ಲ. ಆ ದೃಷ್ಟಿಯಿಂದ ಹಳೆಯ "ಅಂಗವಿಕಲ" ಎಂಬ ಪದವೇ ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. "ವಿಶೇಷ" ಎಂದು ಕರೆಸಿಕೊಳ್ಳುವುದಂತೂ ನನಗೆ ಸಹಿಸಲಾಗದು. ಅದು ನನ್ನನ್ನು ಮತ್ತೆ ಎತ್ತರದ ಪೀಠದ ಮೇಲೆ ಕೂರಿಸುತ್ತದೆ, ಮೇಲೆ ಕೂತವರೊಂದಿಗೆ ಯಾರೂ ಸಲುಗೆಯಿಂದ ಮಾತನಾಡುವುದಿಲ್ಲ. ಆಸ್ಟ್ರೇಲಿಯಾದ ಪತ್ರಕರ್ತೆ ಸ್ಟೆಲ್ಲಾ ಯಂಗ್ ಅವರು 2014ರಲ್ಲಿ ಸಿಡ್ನಿಯಲ್ಲಿ ಮಾಡಿದ ಭಾಷಣದಲ್ಲಿ ಇದೇ ವಿಷಯವನ್ನು ಎತ್ತಿದ್ದರು. ಅವರೂ ಗಾಲಿಕುರ್ಚಿ ಬಳಸುತ್ತಿದ್ದರು, ದಿನನಿತ್ಯದ ಬದುಕನ್ನು ಬದುಕಿದ್ದಕ್ಕಾಗಿ ಸ್ಫೂರ್ತಿಯೆಂದು ಹೊಗಳಿಸಿಕೊಳ್ಳುವುದನ್ನು ಅವರು ಬಲವಾಗಿ ವಿರೋಧಿಸಿದರು.

ಇನ್ನೊಂದು ಎಚ್ಚರಿಕೆಯನ್ನು ಹೆಣ್ಣುಮಗಳಾಗಿ ಹೇಳಲೇಬೇಕು. ಅವಯವವಿಲ್ಲದ ದೇಹದ ಕಡೆಗೇ ಲೈಂಗಿಕ ಆಕರ್ಷಣೆಯಿರುವ ಕೆಲವರು ಇಂಥ ತಾಣಗಳಲ್ಲಿ ಇರುತ್ತಾರೆ. ಅವರು ಆ ಪದಗಳನ್ನೇ ಹುಡುಕಿಕೊಂಡು ಬರುತ್ತಾರೆ. ನಾನು ಮೊದಲ ಸಾಲಿನಲ್ಲಿ ಕಾಲಿನ ವಿಷಯ ಬರೆದಿದ್ದಾಗ ಅಂಥ ಸಂದೇಶಗಳು ಹೆಚ್ಚಾಗಿ ಬಂದವು, ಅದನ್ನು ಕೆಳಗಿಳಿಸಿದ ಮೇಲೆ ಕಡಿಮೆಯಾದವು, ಪೂರ್ತಿಯಾಗಿ ನಿಲ್ಲಲಿಲ್ಲ. ಅವರನ್ನು ಗುರುತಿಸುವುದು ಕಷ್ಟವಲ್ಲ. ಪರಿಚಯದಲ್ಲಿರುವ ಬೇರೆ ಯಾವುದನ್ನೂ ಅವರು ಪ್ರಸ್ತಾಪಿಸುವುದಿಲ್ಲ, ಎರಡನೆಯ ಸಂದೇಶದಲ್ಲಿಯೇ ಕಾಲಿನ ಹೆಚ್ಚಿನ ಚಿತ್ರಗಳನ್ನು ಕೇಳುತ್ತಾರೆ. ಅವರಿಗೆ ಉತ್ತರಿಸದೆ ತಡೆಹಿಡಿಯುವುದೇ ಸರಿ, ವಿವರಣೆ ಕೊಡುವ ಅಗತ್ಯವಿಲ್ಲ.

ಸಾವಧಾನ

ಪದದ ಬಗ್ಗೆ ನನ್ನ ನಿಲುವು ಬೇರೆ. ಅರ್ಜಿಯಲ್ಲಿ ವರ್ಗದ ಹೆಸರು ಬೇಕಾಗುತ್ತದೆ, ಅಲ್ಲಿ ಯಾವ ಪದವಿದ್ದರೂ ತುಂಬುತ್ತೇನೆ. ಒಬ್ಬ ವ್ಯಕ್ತಿಗೆ ನನ್ನನ್ನು ಪರಿಚಯಿಸಿಕೊಳ್ಳುವಾಗ ವರ್ಗದ ಹೆಸರು ವಿಷಯವನ್ನು ತಿಳಿಸುವುದಕ್ಕಿಂತ ಮಸುಕಾಗಿಸುತ್ತದೆ. "ವಿಕಲಚೇತನಳು" ಎಂದು ಓದಿದವರಿಗೆ ಕಣ್ಣೋ, ಕಾಲೋ, ಕಿವಿಯೋ ತಿಳಿಯುವುದಿಲ್ಲ. ಅವರು ಮೊದಲ ಸಂದೇಶದಲ್ಲಿ ಅದನ್ನೇ ಕೇಳಬೇಕಾಗುತ್ತದೆ, ನೀವು ಅದಕ್ಕೇ ಉತ್ತರಿಸಬೇಕಾಗುತ್ತದೆ. ಅವಯವವನ್ನು ಹೆಸರಿಸಿದರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ತುಂಬೆ ಅವರೇ, ನಿಮ್ಮ ತಮ್ಮನ ವಿಷಯದಲ್ಲಿ "ನನ್ನ ಮಾತು ನಿಧಾನ, ಮೊದಲ ಸಲ ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಿ" ಎಂಬ ವಾಕ್ಯ ಎಷ್ಟೋ ಉಪಯುಕ್ತವಾದೀತು. ಆದರೆ ಅದನ್ನು ಅವರೇ ಬರೆಯಬೇಕು.

ತುಂಬೆ

ಅವನು ಬರೆಯಲು ಒಪ್ಪಲಿಲ್ಲವಾದ್ದರಿಂದಲೇ ನಾನು ಬರೆದೆ. ಈ ವಾಕ್ಯವನ್ನು ಅವನಿಗೆ ತೋರಿಸುತ್ತೇನೆ. ಪದದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ. "ಅಂಗವಿಕಲ" ಎಂಬುದನ್ನು ಬೈಗುಳದಂತೆ ಕೇಳಿಸಿಕೊಂಡು ಬೆಳೆದವರೂ ಇದ್ದಾರೆ, ಅವನು ಅವರಲ್ಲಿ ಒಬ್ಬ.

ಮುಂಜಾವು

ಎಲ್ಲರ ಮಾತನ್ನೂ ಓದಿ ಮೂರನೆಯ ಕರಡನ್ನು ಬರೆದಿದ್ದೇನೆ:

"ನಕ್ಷೆ ತಯಾರಿಸುವುದು ನನ್ನ ಉದ್ಯೋಗ. ನದಿ ಹರಿವಿನ ದಾರಿ ಬದಲಿಸಿದಾಗ ಹಳೆಯ ನಕ್ಷೆಯನ್ನು ತಿದ್ದುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ. ಬೆಳಗಿನ ಜಾವ ಹಕ್ಕಿಗಳ ಕೂಗನ್ನು ಧ್ವನಿಮುದ್ರಿಸಲು ಹೋಗುತ್ತೇನೆ, ಅರ್ಧದಷ್ಟು ಸಲ ಗಾಳಿಯ ಸದ್ದನ್ನು ಮಾತ್ರ ಹೊತ್ತು ಬರುತ್ತೇನೆ. ಹುಟ್ಟಿನಿಂದ ನನಗೆ ಎಡಗೈ ಮೊಣಕೈಯವರೆಗೆ ಮಾತ್ರ ಇದೆ, ಕೃತಕ ಕೈ ಬಳಸುವುದಿಲ್ಲ. ವಾರಕ್ಕೆ ಮೂರು ದಿನ ಈಜುತ್ತೇನೆ. ಮೌನಕ್ಕೆ ಹೆದರದವರ ಜೊತೆ ನನಗೆ ಹಿತವೆನಿಸುತ್ತದೆ. ನೀವು ಇತ್ತೀಚೆಗೆ ದಾರಿ ತಪ್ಪಿದ್ದು ಎಲ್ಲಿ?"

ಸಾವಧಾನ

ಇದು ಬಹಳ ಚೆನ್ನಾಗಿದೆ. ಓದುವಾಗ ಮೊದಲು ಮನಸ್ಸಿನಲ್ಲಿ ಉಳಿದದ್ದು ದಾರಿ ಬದಲಿಸಿದ ನದಿ. ಎರಡೇ ತಿದ್ದುಪಡಿಗಳನ್ನು ಸೂಚಿಸುತ್ತೇನೆ.

ಕೈಯ ವಾಕ್ಯದ ಬೆನ್ನಿಗೇ ಈಜು ಬಂದಿದೆ. ನೀವು "ಆದರೂ" ಎಂದು ಬರೆದಿಲ್ಲ, ಆದರೆ ಆ ಜಾಗದಲ್ಲಿ ಓದುವವರು ಅದನ್ನು ತಾವೇ ಸೇರಿಸಿಕೊಂಡು ಓದುತ್ತಾರೆ. ಈಜನ್ನು ಹಕ್ಕಿಗಳ ಪಕ್ಕಕ್ಕೆ ಮೇಲಕ್ಕೆ ಒಯ್ಯಿರಿ. ಕೈಯ ನಂತರ ಮೌನದ ವಾಕ್ಯ ಬರಲಿ, ಅದಕ್ಕೂ ಕೈಗೂ ಯಾವ ಸಂಬಂಧವೂ ಇಲ್ಲ. ಇನ್ನೊಂದು, "ಮೊಣಕೈಯವರೆಗೆ ಮಾತ್ರ" ಎಂಬಲ್ಲಿರುವ "ಮಾತ್ರ" ಕೊರತೆಯನ್ನು ಅಳೆಯುತ್ತದೆ. ನಿಮ್ಮ ಪ್ರಶ್ನೆಯಲ್ಲಿ ನೀವೇ ಬರೆದ ಮಾತು ಇದಕ್ಕಿಂತ ಸರಳವಾಗಿತ್ತು, ಅಲ್ಲಿ ಕೈ "ಮುಗಿದಿತ್ತು" ಎಂದಿದ್ದಿರಿ. "ನನ್ನ ಎಡಗೈ ಹುಟ್ಟಿನಿಂದಲೇ ಮೊಣಕೈಯ ಕೆಳಗೆ ಮುಗಿಯುತ್ತದೆ" ಎಂದರೆ ಆಕಾರವನ್ನು ಹೇಳಿದಂತಾಗುತ್ತದೆ. "ಹುಟ್ಟಿನಿಂದ" ಎಂಬ ಒಂದೇ ಪದ ಅಪಘಾತವೇ ಎಂಬ ಪ್ರಶ್ನೆಯನ್ನೂ ಮುಗಿಸುವುದರಿಂದ ಅದನ್ನು ಉಳಿಸಿಕೊಳ್ಳಿ.

ನೇರಮಾತು

ಈ ಕರಡನ್ನು ಓದಿದಾಗ ನನಗೆ ಮೋಸವೆನಿಸಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆದರೂ ಪಟ್ಟಿಯಲ್ಲಿ ಮೊದಲ 100 ಅಕ್ಷರಗಳನ್ನು ಓದಿ, ಪೂರ್ತಿ ತೆರೆಯದೆ ಸಂದೇಶ ಕಳುಹಿಸುವವರು ಇದ್ದೇ ಇರುತ್ತಾರಲ್ಲ? ಅವರಿಗೆ ಗೊತ್ತಾಗುವುದು ಹೇಗೆ?

ಬೆಳಕಿಂಡಿ

ಪಟ್ಟಿಯಲ್ಲಿ ಬರಹದ ಪಕ್ಕ ಚಿತ್ರವಿರುತ್ತದೆ. ಮೊದಲ ಚಿತ್ರದಲ್ಲಿಯೇ ಎರಡೂ ತೋಳುಗಳಿದ್ದರೆ ತೆರೆಯದವರಿಗೂ ಕಾಣುತ್ತದೆ. ಹಕ್ಕಿಗಳ ಕೂಗನ್ನು ಮುದ್ರಿಸುವಾಗ ಬಲಗೈಯಲ್ಲಿ ಮೈಕ್ ಹಿಡಿದು, ಎಡತೋಳಿನ ಮಡಿಲಲ್ಲಿ ಯಂತ್ರವನ್ನು ಒತ್ತಿಹಿಡಿದ ಚಿತ್ರವೇನಾದರೂ ಇದೆಯೇ?

ಒರತೆ

ಅಂಥ ಚಿತ್ರವನ್ನು ಮೊದಲನೆಯದಾಗಿ ಹಾಕುವುದಕ್ಕೆ ನನ್ನ ಸಹಮತವಿಲ್ಲ. ನಾನು ಹೇಳಿದ ಜನ ಪಟ್ಟಿಯಲ್ಲಿ ನೋಡುವುದು ಅದನ್ನೇ. ಎರಡನೆಯ ಚಿತ್ರವಾಗಿರಲಿ.

ಮುಂಜಾವು

ಎರಡೂ ತಿದ್ದುಪಡಿಗಳನ್ನು ಮಾಡಿದ್ದೇನೆ, ಶಾಲಿನ ಚಿತ್ರವನ್ನು ತೆಗೆದಿದ್ದೇನೆ. ಒರತೆ ಅವರೇ, ನಿಮ್ಮ ಎಚ್ಚರಿಕೆಯನ್ನು ಎರಡು ದಿನ ಯೋಚಿಸಿದೆ. ಕೊನೆಗೆ ಮೈಕ್ ಹಿಡಿದ ಚಿತ್ರವನ್ನೇ ಮೊದಲನೆಯದಾಗಿ ಇಟ್ಟಿದ್ದೇನೆ, ಏಕೆಂದರೆ ಅದರಲ್ಲಿ ನಾನು ಮೇಲೆ ಮರದ ಕಡೆಗೆ ನೋಡುತ್ತಿದ್ದೇನೆ, ತೋಳು ತನ್ನ ಪಾಡಿಗೆ ತಾನಿದೆ. ಬೇಡದ ಸಂದೇಶಗಳು ಹೆಚ್ಚಾದರೆ ಎರಡನೆಯ ಸ್ಥಾನಕ್ಕೆ ಇಳಿಸುತ್ತೇನೆ.

ಈ ಒಂಬತ್ತು ದಿನಗಳಲ್ಲಿ ಆರು ಸಂದೇಶಗಳು ಬಂದಿವೆ, ದಿನದ ಲೆಕ್ಕದಲ್ಲಿ ಮೊದಲ ಕರಡಿನಷ್ಟೇ. ಒಂದು ಒರತೆ ಅವರು ವರ್ಣಿಸಿದಂಥದ್ದು, ತಡೆಹಿಡಿದೆ. ಇಬ್ಬರು ದಾರಿ ತಪ್ಪಿದ ಕಥೆ ಬರೆದಿದ್ದಾರೆ. ಒಬ್ಬರು, ಚಿತ್ರದಲ್ಲಿರುವ ಮೈಕಿಗೆ ಗಾಳಿಯನ್ನು ತಡೆಯುವ ಹೊದಿಕೆ ಹಾಕಿಲ್ಲವಲ್ಲ, ಗಾಳಿಯ ಸದ್ದು ಬರುವುದು ಅದಕ್ಕೇ ಇರಬೇಕು ಎಂದು ಬರೆದು, ಕೆಳಗಿನ ಸಾಲಿನಲ್ಲಿ, ಒಂದು ತೋಳಿನಲ್ಲಿ ಯಂತ್ರ ಹಿಡಿದಾಗ ಗುಂಡಿ ಒತ್ತುವುದು ಯಾವುದರಿಂದ ಎಂದು ಕೇಳಿದ್ದಾರೆ. ಆ ಪ್ರಶ್ನೆ ನನಗೆ ಚುಚ್ಚಲಿಲ್ಲ. ಗಲ್ಲದಿಂದ ಒತ್ತುತ್ತೇನೆ ಎಂದು ಉತ್ತರಿಸಿದ್ದೇನೆ, ಹೊದಿಕೆಯ ಬಗ್ಗೆ ಅವರು ಹೇಳಿದ್ದು ಸರಿಯೆಂದೂ ಬರೆದಿದ್ದೇನೆ.